ಬಡಾವಣೆಯ ಕಿರಾಣಿ ಅಂಗಡಿಗೆ ಬೆಲೆ ಕಟ್ಟುವುದು: ಲಾಭ, ಸ್ಟಾಕು, ಗುಡ್‌ವಿಲ್

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರ ಓದಿದವರಿಗೆ ಗುಡ್‌ವಿಲ್ ಸೂತ್ರಗಳು ಗೊತ್ತಿರುತ್ತವೆ. ಪುಸ್ತಕದ ಲೆಕ್ಕದಲ್ಲಿ ಸರಾಸರಿ ಲಾಭ ಇಷ್ಟು, ತೊಡಗಿಸಿದ ಬಂಡವಾಳ ಇಷ್ಟು, ಎಷ್ಟು ವರ್ಷದ ಖರೀದಿ ಎಂದು ಮೊದಲೇ ಕೊಟ್ಟಿರುತ್ತಾರೆ. ನಿಜವಾದ ಅಂಗಡಿ ಮಾರಾಟಕ್ಕೆ ಬಂದಾಗ ಇವುಗಳಲ್ಲಿ ಒಂದೂ ಸಿದ್ಧವಾಗಿ ಸಿಗುವುದಿಲ್ಲ. ಆ ಅಂಕಿಗಳನ್ನು ಹೇಗೆ ಹುಟ್ಟಿಸಬೇಕು ಎಂಬುದಕ್ಕಾಗಿಯೇ ಈ ಟಿಪ್ಪಣಿ.

ಲೆಕ್ಕಕ್ಕೆ ಒಂದು ಅಂಗಡಿ ಇಟ್ಟುಕೊಳ್ಳೋಣ. ಮೈಸೂರಿನಂಥ ಊರಿನ ಹಳೆಯ ಬಡಾವಣೆ, ಬಾಡಿಗೆ ಮಳಿಗೆ, ಗಂಡ ಹೆಂಡತಿ ಸೇರಿ ನಡೆಸುವ ಕಿರಾಣಿ ವ್ಯಾಪಾರ. ಮಾರುವವರು ಹೇಳುವುದು ಹೀಗೆ: ದಿನಕ್ಕೆ ಸರಾಸರಿ 20,000 ರೂಪಾಯಿ ವ್ಯಾಪಾರ, ತಿಂಗಳಿಗೆ 60,000 ಉಳಿಯುತ್ತದೆ, ಒಳಗಿರುವ ಸ್ಟಾಕು 7 ಲಕ್ಷದ್ದು, ಗುಡ್‌ವಿಲ್‌ಗೆ 24 ತಿಂಗಳ ಲಾಭ ಕೊಡಿ. ಅಂದರೆ ಗುಡ್‌ವಿಲ್ ಒಂದೇ 14,40,000. ಸ್ಟಾಕು ಸೇರಿದರೆ 21,40,000.

ತಿಂಗಳಿಗೆ ಉಳಿಯುವುದು ಎಷ್ಟು

ತಿಂಗಳ ವ್ಯಾಪಾರ 6,00,000. ಅಕ್ಕಿ, ಸಕ್ಕರೆ, ಎಣ್ಣೆ, ಹಾಲಿನಲ್ಲಿ ಲಾಭಾಂಶ ಸಣ್ಣದು. ಸೋಪು, ಮಸಾಲೆ, ನೋಟ್‌ಬುಕ್ಕಿನಲ್ಲಿ ದೊಡ್ಡದು. ಎಲ್ಲ ಸೇರಿ ಮಾರಾಟದ ಮೇಲೆ ಶೇ. 14 ಎಂದುಕೊಂಡರೆ 84,000. ಬಾಡಿಗೆ 12,000, ಅರ್ಧ ದಿನದ ಸಹಾಯಕರಿಗೆ 9,000, ವಿದ್ಯುತ್ 3,000 ಕಳೆದರೆ ಸರಿಯಾಗಿ 60,000. ಮಾರುವವರು ಸುಳ್ಳು ಹೇಳಿಲ್ಲ, ಕೆಲವನ್ನು ಬಿಟ್ಟಿದ್ದಾರೆ ಅಷ್ಟೆ.

ಬಿಟ್ಟದ್ದರಲ್ಲಿ ಒಂದು ಜಿಎಸ್‌ಟಿ. ವರ್ಷಕ್ಕೆ 72 ಲಕ್ಷ ವ್ಯಾಪಾರ ಎಂದರೆ ಸರಕು ಮಾರುವವರಿಗಿರುವ 40 ಲಕ್ಷದ ನೋಂದಣಿ ಮಿತಿ ದಾಟಿಹೋಗಿದೆ. ಇಂಥ ಅಂಗಡಿ ಸಾಮಾನ್ಯವಾಗಿ ಕಾಂಪೊಸಿಷನ್ ಯೋಜನೆಯಲ್ಲಿರುತ್ತದೆ. ತೆರಿಗೆಯುಳ್ಳ ಸರಕಿನ ಮಾರಾಟದ ಮೇಲೆ ಶೇ. 1 ಕಟ್ಟಬೇಕು, ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ತೆರಿಗೆಯುಳ್ಳ ಮಾರಾಟ ತಿಂಗಳಿಗೆ 4 ಲಕ್ಷವಾದರೆ 4,000 ರೂಪಾಯಿ ಲಾಭದಿಂದಲೇ ಹೋಗುತ್ತದೆ. ಹಾಳಾದ ಮಾಲು, ಚೀಲ, ಆಟೋ ಬಾಡಿಗೆಗೆ ಇನ್ನೊಂದು 2,000. ಉಳಿದದ್ದು 54,000.

ವ್ಯಾಪಾರದ ಮೊತ್ತ ನಿಜವೇ ಎಂದು ತಿಳಿಯಲು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಎಣಿಸುವುದಕ್ಕಿಂತ ಖರೀದಿ ಬಿಲ್ಲುಗಳು ಒಳ್ಳೆಯ ಸಾಕ್ಷಿ. 6 ಲಕ್ಷ ಮಾರಿ ಶೇ. 14 ಉಳಿಸಿದ್ದರೆ ತಿಂಗಳಿಗೆ ಸುಮಾರು 5,16,000 ರೂಪಾಯಿಯ ಮಾಲು ಬಂದಿರಲೇಬೇಕು. ಮೂರು ತಿಂಗಳ ಬಿಲ್ಲು ಕೂಡಿಸಿ ನೋಡಿದಾಗ ತಿಂಗಳಿಗೆ 4 ಲಕ್ಷವೇ ಸಿಕ್ಕರೆ, ಒಂದೋ ವ್ಯಾಪಾರ ಅಷ್ಟಿಲ್ಲ, ಇಲ್ಲವೇ ಸ್ಟಾಕು ಕರಗುತ್ತಿದೆ. ಮಾರುವ ತೀರ್ಮಾನ ಮಾಡಿದವರು ಹೊಸ ಮಾಲು ತರಿಸುವುದನ್ನು ಕಡಿಮೆ ಮಾಡುವುದು ಸಹಜ, ಆದ್ದರಿಂದ ಹಿಂದಿನ ವರ್ಷದ ಅದೇ ತಿಂಗಳುಗಳ ಬಿಲ್ಲನ್ನೂ ಕೇಳಬೇಕು. ಯುಪಿಐ ಖಾತೆಯ ವಿವರವೂ ನೆರವಾಗುತ್ತದೆ, ಆದರೆ ನಗದಿನ ಭಾಗ ಅದರಲ್ಲಿ ಕಾಣದು.

ಈಗ ದೊಡ್ಡ ಕಳೆತ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಹಾಕುವವರ ದುಡಿಮೆ 54,000ದೊಳಗೇ ಅಡಗಿದೆ. ಅವರ ಜಾಗದಲ್ಲಿ ಸಂಬಳಕ್ಕೆ ಜನ ಇಟ್ಟರೆ ಎಷ್ಟಾದೀತು? ಒಬ್ಬರಿಗೆ 20,000, ಮಧ್ಯಾಹ್ನದ ಪಾಳಿಗೆ ಇನ್ನೊಬ್ಬರಿಗೆ 10,000, ಒಟ್ಟು 30,000. ಕೊಳ್ಳುವವರು ತಾವೇ ಕೂರುವವರಾದರೂ ಇದನ್ನು ಕಳೆಯಲೇಬೇಕು. ತಮ್ಮ ಮುಂದಿನ ದುಡಿಮೆಗೆ ಹಿಂದಿನ ಮಾಲೀಕರಿಗೆ ಬೆಲೆ ಕೊಡಲು ಕಾರಣವಿಲ್ಲ. ಅಂಗಡಿಯದೇ ಲಾಭ: 24,000.

ಸ್ಟಾಕಿನ ಬೆಲೆ

ಏಳು ಲಕ್ಷ ಎಂದದ್ದು ಎಂಆರ್‌ಪಿ ಲೆಕ್ಕ. ಲೆಕ್ಕಶಾಸ್ತ್ರದ ನಿಯಮದಂತೆ ಸ್ಟಾಕನ್ನು ಖರೀದಿ ಬೆಲೆ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ಹಿಡಿಯಬೇಕು.

ಏಳು ಲಕ್ಷದಿಂದ ಶೇ. 14 ಕಳೆದುಬಿಟ್ಟರೆ ಖರೀದಿ ಬೆಲೆ ಸಿಗುತ್ತದೆ ಎಂದು ತೋರುತ್ತದೆ. ಆದರೆ ಶೇ. 14 ಮಾರಾಟದ ಸರಾಸರಿ, ಕಪಾಟಿನ ಸರಾಸರಿ ಅಲ್ಲ. ಹಾಲು, ಸಕ್ಕರೆ ಬಂದಷ್ಟೇ ಬೇಗ ಹೋಗುತ್ತವೆ, ಕಪಾಟಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಪೌಡರು, ಬಾಚಣಿಗೆ, ಊದುಬತ್ತಿ, ಪೆನ್ನು; ಇವುಗಳ ಲಾಭಾಂಶವೇ ಹೆಚ್ಚು. ಆದ್ದರಿಂದ ನಿಂತ ಸ್ಟಾಕಿನಲ್ಲಿ ಎಂಆರ್‌ಪಿಗೂ ಖರೀದಿಗೂ ಇರುವ ಅಂತರ ಮಾರಾಟದ ಸರಾಸರಿಗಿಂತ ದೊಡ್ಡದಾಗಿರುತ್ತದೆ. ಇಲ್ಲಿ ಶೇ. 18 ಎಂದುಕೊಂಡರೆ ಖರೀದಿ ಬೆಲೆ 5,74,000. ಬಿಲ್ಲು ಹಿಡಿದು ಐಟಂ ಐಟಂ ಎಣಿಸಿದರೆ ಊಹೆ ಬೇಕಿಲ್ಲ. ಅಂಗಡಿ ರಜೆ ಇರುವ ದಿನ ಇಬ್ಬರೂ ಸೇರಿ ಎಣಿಸಿ ಸಹಿ ಹಾಕುವುದು ರೂಢಿಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಅವಧಿ ಮೀರಿದ, ಒಡೆದ ಮಾಲು 22,000ದ್ದು ಸಿಕ್ಕರೆ ಅದಕ್ಕೆ ಸೊನ್ನೆ. ಡಿಸ್ಟ್ರಿಬ್ಯೂಟರ್ ಬದಲಿಸಿಕೊಡುವುದಾಗಿ ಬರೆದುಕೊಟ್ಟದ್ದಕ್ಕೆ ಮಾತ್ರ ಬೆಲೆ. ವರ್ಷದಿಂದ ಕದಲದ 24,000ದ ಮಾಲಿಗೆ ಅರ್ಧ. ಉಳಿದದ್ದು 5,40,000.

ಕಪಾಟು, ತಕ್ಕಡಿ, ಫ್ರಿಜ್ಜಿಗೆ ಇಂದಿನ ಸೆಕೆಂಡ್ ಹ್ಯಾಂಡ್ ಬೆಲೆ 80,000. ಇಲ್ಲಿ ಒಂದು ಕಡೆ ಗಮನ ಬೇಕು: ಐಸ್‌ಕ್ರೀಮಿನ ಫ್ರೀಜರು, ತಂಪು ಪಾನೀಯದ ಗಾಜಿನ ಬಾಗಿಲಿನ ಕೂಲರು ಬಹಳ ಕಡೆ ಕಂಪನಿಯ ಸ್ವತ್ತು, ಅಂಗಡಿಯವರು ಮಾರುವಂತಿಲ್ಲ.

ನಾನು ಬಹಳ ಹೊತ್ತು ನಿಂತ ಜಾಗ: ಲಾಭವನ್ನೂ ಗುಣಿಸಿ ಸ್ಟಾಕನ್ನೂ ಕೂಡಿಸಬಹುದೇ?

ಮಾರುವವರ ಲೆಕ್ಕ ಮೇಲ್ನೋಟಕ್ಕೆ ಸಹಜ. ಲಾಭ ಬೇರೆ, ಸ್ಟಾಕು ಬೇರೆ, ಎರಡಕ್ಕೂ ದುಡ್ಡು. ಆದರೆ ಲಾಭ ಬಂದದ್ದು ಎಲ್ಲಿಂದ? ಆ ಸ್ಟಾಕನ್ನು ಮಾರಿದ್ದರಿಂದಲೇ. ಸ್ಟಾಕಿಗೆ ಪೂರ್ತಿ ಬೆಲೆ ಕೊಟ್ಟಮೇಲೆ ಅದು ದುಡಿಯುವ ಸಾಮಾನ್ಯ ಲಾಭಕ್ಕೂ ಬೆಲೆ ಕೊಟ್ಟಂತಾಯಿತು. ಅದೇ ಲಾಭವನ್ನು 24ರಿಂದ ಗುಣಿಸಿ ಮತ್ತೆ ಕೊಟ್ಟರೆ ಒಂದೇ ವಸ್ತುವಿಗೆ ಎರಡು ಸಲ ಹಣ ಹೋಗುತ್ತದೆ.

ನನಗೆ ಇದು ತಿಳಿಯಾದದ್ದು ಹೀಗೆ ಕೇಳಿಕೊಂಡಾಗ: ಪಕ್ಕದ ರಸ್ತೆಯಲ್ಲಿ ಇಷ್ಟೇ ಬಂಡವಾಳ ಹಾಕಿ, ಇಷ್ಟೇ ದುಡಿದು, ಹೆಸರೇ ಇಲ್ಲದ ಹೊಸ ಅಂಗಡಿ ತೆರೆದರೆ ಏನು ಸಿಗುತ್ತದೆ? ದುಡಿಮೆಗೆ ಕೂಲಿ, ಹಣಕ್ಕೆ ಒಂದು ನ್ಯಾಯವಾದ ಪ್ರತಿಫಲ. ಹಳೆಯ ಅಂಗಡಿ ಇದಕ್ಕಿಂತ ಎಷ್ಟು ಹೆಚ್ಚು ಕೊಡುತ್ತದೋ ಅಷ್ಟಕ್ಕೆ ಮಾತ್ರ ಗುಡ್‌ವಿಲ್. ಪುಸ್ತಕದ ‘ಅಧಿಕ ಲಾಭ’ ಎಂದರೆ ಇದೇ.

ಬಂಡವಾಳ: ಸ್ಟಾಕು 5,40,000, ಸಾಮಾನು 80,000, ಮಳಿಗೆಯ ಅಡ್ವಾನ್ಸ್ 1,20,000, ಉದ್ರಿ ಕೊಡಲು ಮತ್ತು ಚಿಲ್ಲರೆಗೆ ಕೈಯಲ್ಲಿ 60,000. ಒಟ್ಟು 8,00,000. ಬ್ಯಾಂಕ್ ಠೇವಣಿಯಷ್ಟೇ ಪ್ರತಿಫಲ ಇಲ್ಲಿ ಸಾಲದು, ಹಣ ಮುಳುಗುವ ಸಾಧ್ಯತೆಯೂ ಇದೆ, ಶೇ. 15 ಹಿಡಿಯುತ್ತೇನೆ. ವರ್ಷಕ್ಕೆ 1,20,000, ತಿಂಗಳಿಗೆ 10,000.

24,000ದಲ್ಲಿ 10,000 ಕಳೆದರೆ 14,000. ಇಡೀ ವ್ಯವಹಾರದ ಗುಡ್‌ವಿಲ್ ನಿಂತಿರುವುದು ಈ 14,000ದ ಮೇಲೆ. ಎರಡು ವರ್ಷದ ಖರೀದಿ ಎಂದರೆ 14,000 × 24 = 3,36,000.

ಮಾರುವವರೂ 24ರಿಂದಲೇ ಗುಣಿಸಿದ್ದರು ಎಂಬುದನ್ನು ನೋಡಿ. ಗುಣಕ ಒಂದೇ, ಗುಣಿಸಿದ ಲಾಭ ಬೇರೆ. ಅಂಗಡಿ ವ್ಯವಹಾರದಲ್ಲಿ ಜನ ಗುಣಕದ ಬಗ್ಗೆ ಚೌಕಾಸಿ ಮಾಡುತ್ತಾರೆ, 24 ಬೇಡ 18 ಮಾಡಿ ಎನ್ನುತ್ತಾರೆ. 60,000ವನ್ನು 18ರಿಂದ ಗುಣಿಸಿದರೂ 10,80,000 ಆಗುತ್ತದೆ. ಚೌಕಾಸಿ ನಡೆಯಬೇಕಾದದ್ದು ಲಾಭದ ಅಂಕಿಯಲ್ಲಿ.

ಬಂಡವಾಳೀಕರಣದಿಂದ ಮಾಡಿ ನೋಡಿದರೆ ಇನ್ನೊಂದು ವಿಷಯ ಹೊರಬರುತ್ತದೆ. ವರ್ಷದ ಲಾಭ 2,88,000. ಶೇ. 15ಕ್ಕೆ ಬಂಡವಾಳೀಕರಿಸಿದರೆ 19,20,000. ಇದು ಸ್ಟಾಕು, ಅಡ್ವಾನ್ಸ್ ಎಲ್ಲ ಸೇರಿದ ಬೆಲೆ. ಇದರ ಮೇಲೆ ಸ್ಟಾಕನ್ನು ಮತ್ತೆ ಕೂಡಿಸಬಾರದು. 8 ಲಕ್ಷ ಕಳೆದರೆ ಗುಡ್‌ವಿಲ್ 11,20,000. ಅದೇ ಅಂಗಡಿಗೆ ಒಂದು ವಿಧಾನದಲ್ಲಿ 3.36 ಲಕ್ಷ, ಇನ್ನೊಂದರಲ್ಲಿ 11.2 ಲಕ್ಷ! ಕಾರಣ ಇಷ್ಟೇ: ಶೇ. 15ರಿಂದ ಭಾಗಿಸುವುದೆಂದರೆ 6.67 ವರ್ಷದ ಅಧಿಕ ಲಾಭಕ್ಕೆ ಇಂದೇ ಹಣ ಕೊಡುವುದು, ಆ ಲಾಭ ಎಂದೆಂದಿಗೂ ಬರುತ್ತಲೇ ಇರುತ್ತದೆಂದು ಒಪ್ಪಿಕೊಳ್ಳುವುದು. ಬಾಡಿಗೆ ಮಳಿಗೆಯ ಕಿರಾಣಿ ಅಂಗಡಿಗೆ ಆ ಊಹೆ ಸಲ್ಲದು.

ಎಷ್ಟು ವರ್ಷ?

ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಬಾಡಿಗೆ ಕರಾರು. ಮಳಿಗೆಯ ಮಾಲೀಕರು ಹೊಸಬರಿಗೆ 11 ತಿಂಗಳ ಕರಾರು ಮಾತ್ರ ಕೊಡುವುದಾದರೆ ಎರಡು ವರ್ಷದ ಗುಡ್‌ವಿಲ್ ಕೊಡುವುದು ಧೈರ್ಯದ ಮಾತು. ನಾನಾದರೆ ಒಂದು ವರ್ಷಕ್ಕೆ ಇಳಿಸುತ್ತೇನೆ. ಬಾಡಿಗೆ 12,000ದಿಂದ 18,000ಕ್ಕೆ ಏರಿಸಿದರೆ ಅಧಿಕ ಲಾಭ 14,000ದಿಂದ 8,000ಕ್ಕೆ ಇಳಿಯುತ್ತದೆ, ಎರಡು ವರ್ಷದ ಗುಡ್‌ವಿಲ್ 1,92,000 ಆಗುತ್ತದೆ. ಹಾಗಾಗಿ ಬೆಲೆ ಮಾತನಾಡುವ ಮೊದಲು ಕಟ್ಟಡದ ಮಾಲೀಕರೊಡನೆ ಮಾತಾಗಬೇಕು.

ಇನ್ನೊಂದು, ಗಿರಾಕಿಗಳು ಅಂಗಡಿಗೆ ಬರುತ್ತಾರೋ ಅಂಗಡಿಯವರಿಗಾಗಿ ಬರುತ್ತಾರೋ ಎಂಬುದು. ತಿಂಗಳ ಖಾತೆಯ ಪುಸ್ತಕ ತೆರೆದರೆ ತಿಳಿಯುತ್ತದೆ. ವ್ಯಾಪಾರದ ಹೆಚ್ಚು ಪಾಲು ‘ಬರೆದುಕೊಳ್ಳಿ ಅಣ್ಣ’ ಎನ್ನುವ ಮನೆಗಳಿಂದಲೇ ಬರುತ್ತಿದ್ದರೆ, ಆ ನಂಬಿಕೆ ಹೊಸಬರಿಗೆ ತಾನಾಗಿ ಬರುವುದಿಲ್ಲ.

ಮಾರಿದವರು ಮುಂದಿನ ತಿಂಗಳು ಎದುರಿನ ಬೀದಿಯಲ್ಲೇ ಮಳಿಗೆ ತೆರೆದರೆ? 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ತಡೆ ಹಾಕುವ ಕರಾರುಗಳನ್ನು ಒಪ್ಪುವುದಿಲ್ಲ, ಆದರೆ ಗುಡ್‌ವಿಲ್ ಮಾರಿದವರಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ನಿಗದಿತ ಪ್ರದೇಶದೊಳಗೆ ಅಂಥದೇ ವ್ಯಾಪಾರ ಮಾಡುವುದಿಲ್ಲವೆಂದು ಅವರು ಬರೆದುಕೊಡಬಹುದು. ಮಿತಿ ನ್ಯಾಯಸಮ್ಮತ ಎಂದು ನ್ಯಾಯಾಲಯಕ್ಕೆ ಕಾಣಬೇಕು. ಬರೆಸುವಾಗ ಬಡಾವಣೆಯ ಎಲ್ಲೆ ಹೇಳಬೇಕು, ‘ಇಡೀ ಜಿಲ್ಲೆ’ ಎಂದು ಬರೆದರೆ ನಿಲ್ಲುವುದು ಕಷ್ಟ. ಮಗ ಅಥವಾ ಅಳಿಯನ ಹೆಸರಿನಲ್ಲಿ ತೆರೆಯುವುದನ್ನೂ ಕರಾರಿನಲ್ಲಿ ಸೇರಿಸಿಕೊಳ್ಳಬೇಕು.

ಕೊನೆಗೆ ಕೊಡುವ ಮೊತ್ತ

ಸ್ಟಾಕು 5,40,000, ಸಾಮಾನು 80,000, ಗುಡ್‌ವಿಲ್ 3,36,000, ಒಟ್ಟು 9,56,000. ಅಡ್ವಾನ್ಸ್ 1,20,000 ಇದಕ್ಕೆ ಸೇರಬೇಕಾದರೆ ಕಟ್ಟಡದ ಮಾಲೀಕರು ಅದನ್ನು ಹೊಸಬರ ಹೆಸರಿಗೆ ಬರೆದುಕೊಡಬೇಕು. ಡಿಸ್ಟ್ರಿಬ್ಯೂಟರ್‌ಗಳಿಗೆ ಕೊಡಬೇಕಾದ ಬಾಕಿ 90,000 ಇದ್ದು, ಅದನ್ನು ಕೊಳ್ಳುವವರು ತೀರಿಸುವುದಾದರೆ 9,56,000ದಿಂದ ಅಷ್ಟನ್ನು ಕಳೆಯಬೇಕು. ಜಿಎಸ್‌ಟಿ ಬಾಕಿಯನ್ನು ಮಾತ್ರ ಮಾತಿನ ಮೇಲೆ ಬಿಡುವಂತಿಲ್ಲ: ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ವ್ಯಾಪಾರ ವರ್ಗಾವಣೆಯಾಗುವವರೆಗಿನ ತೆರಿಗೆಗೆ ಕೊಟ್ಟವರ ಜೊತೆ ಕೊಂಡವರೂ ಹೊಣೆ. ಸಲ್ಲಿಸಿದ ವಿವರಗಳನ್ನು ನೋಡದೆ ಹಣ ಕೊಡಬಾರದು.

ಹಳೆಯ ಉದ್ರಿಯನ್ನು ಕೊಳ್ಳದಿರುವುದೇ ಒಳ್ಳೆಯದು. ಮಾರಿದವರ ಪರವಾಗಿ ವಸೂಲಿ ಮಾಡಿಕೊಟ್ಟರೆ ಸಾಕು. ಗುಡ್‌ವಿಲ್‌ನ ಮೂರನೆಯ ಒಂದು ಭಾಗ, ಅಂದರೆ 1,12,000, ಆರು ತಿಂಗಳ ನಂತರ ಕೊಡುವುದೆಂದು ಕರಾರಿನಲ್ಲಿ ಬರೆಸಿ, ಖರೀದಿ ಬಿಲ್ಲುಗಳ ತಿಂಗಳ ಸರಾಸರಿ 5,16,000ದ ಆಸುಪಾಸಿನಲ್ಲಿದ್ದರೆ ಪೂರ್ತಿ, ಇಲ್ಲದಿದ್ದರೆ ಎಷ್ಟು ಕಡಿತ ಎಂಬುದನ್ನೂ ಅಲ್ಲೇ ನಮೂದಿಸಬಹುದು.