ಕ್ರೀಡಾ ಕ್ಲಬ್ಬಿನ ಲೆಕ್ಕ: ನಗದು ಖಾತೆಯಿಂದ ಅಢಾವೆ ಪತ್ರಿಕೆಯವರೆಗೆ

ಸ್ವೀಕೃತಿ ಮತ್ತು ಪಾವತಿ ಖಾತೆ ಅಂದರೆ ನಗದು ಪುಸ್ತಕದ ಸಾರಾಂಶ. ಹಣ ಯಾವ ವರ್ಷದ್ದು ಅಂತ ಅದು ನೋಡುವುದಿಲ್ಲ, ಕೈಗೆ ಬಂದಿದ್ದನ್ನೆಲ್ಲ ಬರೆಯುತ್ತದೆ. ಆದಾಯ ಮತ್ತು ವೆಚ್ಚ ಖಾತೆಗೆ ಈ ವರ್ಷದ್ದು ಮಾತ್ರ ಬೇಕು. ಅದನ್ನು ಬೇರ್ಪಡಿಸುವುದೇ ನಮ್ಮ ಕೆಲಸ.

ಒಂದು ಕ್ರಿಕೆಟ್ ಕ್ಲಬ್ ಇದೆ ಅಂದುಕೊಳ್ಳಿ. 2023-24ರ ಆರಂಭದ ನಗದು ಶಿಲ್ಕು ₹8,000. ಬಂದ ಚಂದಾ ₹60,000. ಮೈದಾನದ ಕೆಲಸಗಾರನ ಸಂಬಳ ₹24,000, ಚೆಂಡು-ಬ್ಯಾಟು ಖರೀದಿ ₹18,000, ಏಪ್ರಿಲ್ 1ರಂದು ಕೊಂಡ ರೋಲರ್‌ಗೆ ₹16,000 ಕೊಟ್ಟಿದ್ದಾರೆ. ಕೊನೆಗೆ ಉಳಿದಿದ್ದು ₹10,000.

ಜಾಸ್ತಿ ಎಡವುವುದು ಚಂದಾದಲ್ಲಿ. ಬಂದ 60,000ದಲ್ಲಿ ಹಿಂದಿನ ವರ್ಷದ ಬಾಕಿ 4,000, ಮುಂದಿನ ವರ್ಷದ ಮುಂಗಡ 3,000 ಸೇರಿದೆ. ಎರಡನ್ನೂ ಕಳೆಯಿರಿ. ಈ ವರ್ಷದ್ದು ಇನ್ನೂ 5,000 ಬರಬೇಕಿದೆ, ಅದನ್ನು ಕೂಡಿಸಿ. ಆದಾಯ ₹58,000.

ಕ್ರೀಡಾ ಸಾಮಗ್ರಿಗೆ ಖರೀದಿಯ ಮೊತ್ತವನ್ನೇ ಸುಮ್ನೆ ವೆಚ್ಚ ಅಂತ ಬರೆಯಬೇಡಿ. ಆರಂಭದ ದಾಸ್ತಾನು 6,000, ಖರೀದಿ 18,000, ಕೊನೆಯ ದಾಸ್ತಾನು 9,000. ಬಳಸಿದ್ದು ₹15,000, ಅಷ್ಟೇ ವೆಚ್ಚ. ಸಂಬಳದಲ್ಲಿ 2,000 ಕೊಡುವುದು ಬಾಕಿ ಇದೆ, ಹಾಗಾಗಿ ₹26,000. ರೋಲರ್ ಆಸ್ತಿ, ಅದರ ಬೆಲೆ ಇಲ್ಲಿಗೆ ಬರುವುದಿಲ್ಲ. ಶೇ. 10ರ ಸವಕಳಿ ₹1,600 ಮಾತ್ರ ಬರುತ್ತದೆ. ಒಟ್ಟು ವೆಚ್ಚ 42,600, ಮಿಗತೆ ₹15,400.

ನಗದು ಹೆಚ್ಚಿದ್ದು ಬರೀ 2,000, ಮಿಗತೆ ಮಾತ್ರ ಇಷ್ಟೊಂದು, ವಿಚಿತ್ರ ಅಲ್ವಾ? ಹಣದ ದೊಡ್ಡ ಪಾಲು ರೋಲರ್ ಆಗಿ ಮೈದಾನದಲ್ಲಿದೆ, ಇನ್ನಷ್ಟು ದಾಸ್ತಾನಾಗಿದೆ.

ಬಂಡವಾಳ ನಿಧಿ ಅಂದರೆ ಆಸ್ತಿಯಿಂದ ಹೊಣೆ ಕಳೆದು ಉಳಿಯುವ ಮೊತ್ತ. ಅದನ್ನು ಪ್ರಶ್ನೆಯಲ್ಲಿ ಕೊಡದಿದ್ದರೆ ವರ್ಷದ ಆರಂಭದ ಆಸ್ತಿ-ಹೊಣೆಗಳನ್ನು ತೋರಿಸುವ ಅಢಾವೆ ಪತ್ರಿಕೆಯನ್ನು ನಾವೇ ಮಾಡಬೇಕು. ಶಿಲ್ಕು 8,000, ಬರಬೇಕಿದ್ದ ಚಂದಾ 4,000, ದಾಸ್ತಾನು 6,000. ಹೊಣೆ ಏನೂ ಇರಲಿಲ್ಲ, ಹಾಗಾಗಿ ನಿಧಿ ₹18,000.

ಈಗ ಕೊನೆಯ ಪತ್ರಿಕೆ. ಆಸ್ತಿ ಕಡೆ ನಗದು 10,000, ಬರಬೇಕಾದ ಚಂದಾ 5,000, ದಾಸ್ತಾನು 9,000, ರೋಲರ್ 14,400. ಹೊಣೆ ಕಡೆ ಮುಂಗಡ ಚಂದಾ 3,000, ಬಾಕಿ ಸಂಬಳ 2,000, ಮಿಗತೆ ಸೇರಿದ ನಿಧಿ 33,400. ಎರಡೂ ಕಡೆ ₹38,400.

ತಾಳೆ ಆಗದಿದ್ದರೆ ವ್ಯತ್ಯಾಸದ ಮೊತ್ತವನ್ನೇ ಹಿಡಿದು ಹುಡುಕಿ. ಇಲ್ಲಿ ಆಸ್ತಿ ಕಡೆ 4,000 ಜಾಸ್ತಿ ಬಂದರೆ ಆರಂಭದ ನಿಧಿಯಲ್ಲಿ ಹಳೆ ಬಾಕಿ ಬಿಟ್ಟಿರಬಹುದು. 3,000 ಕಡಿಮೆ ಬಂದರೆ ಮುಂಗಡವನ್ನು ಆದಾಯದಿಂದ ಕಳೆಯದೆ ಹೊಣೆಯಲ್ಲೂ ತೋರಿಸಿರಬಹುದು. ಆದರೆ ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಬರಬೇಕಾದ 5,000 ಚಂದಾವನ್ನು ಆದಾಯದಲ್ಲೂ ಆಸ್ತಿಯಲ್ಲೂ ಮರೆತರೆ ಪತ್ರಿಕೆ ₹33,400ಕ್ಕೆ ಸರಿಯಾಗಿಯೇ ಕೂರುತ್ತದೆ. ಹಾಗಾಗಿ ಕೊಟ್ಟ ಹೆಚ್ಚುವರಿ ಮಾಹಿತಿಯ ಒಂದೊಂದು ಸಾಲೂ ಎರಡು ಜಾಗದಲ್ಲಿ ಬಂದಿದೆಯಾ ಅಂತ ಗುರುತು ಹಾಕುತ್ತಾ ಹೋಗಿ.