ಉಳಿದ ಔಷಧ: ಯಾವುದು ಕಸಕ್ಕೆ, ಯಾವುದು ಟಾಯ್ಲೆಟ್‌ಗೆ

ಹೋದ ತಿಂಗಳು ಹಳ್ಳಿಯಿಂದ ಬಂದ ಹೆಂಗಸೊಬ್ಬರು ನಮ್ಮ ಮೆಡಿಕಲ್ ಶಾಪ್‌ನ ಕೌಂಟರ್ ಮೇಲೆ ಒಂದು ಕೈಚೀಲ ಔಷಧ ಸುರಿದರು. ಮಾವ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಮಗಳು ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋಗಿದ್ದಳು. ಇಬ್ಬರ ಔಷಧವೂ ಮನೆಯಲ್ಲೇ ಉಳಿದಿತ್ತು. "ಅಣ್ಣ, ಎಲ್ಲಾನೂ ಟಾಯ್ಲೆಟ್‌ಗೆ ಹಾಕಿ ನೀರು ಬಿಟ್ಟುಬಿಡೋಣ ಅಂತಿದ್ದೆ. ಮನೇಲಿ ಎರಡು ವರ್ಷದ ಮೊಮ್ಮಗ ಇದಾನೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೋತಾನೆ" ಅಂದರು.

ಆ ರಾಶಿಯಲ್ಲಿ ನನಗೆ ಮೊದಲು ಕಂಡದ್ದು ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ. ಕೆಂಪು ಬಣ್ಣ, ಮೇಲೆ ಸಕ್ಕರೆ ಲೇಪ. ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟೇ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. 10 ಕೆಜಿ ತೂಕದ ಮಗು ನಾಲ್ಕು ಮಾತ್ರೆ ನುಂಗಿದರೆ ವಾಂತಿ, ಹೊಟ್ಟೆನೋವು ಶುರುವಾಗಬಹುದು. ಹತ್ತು ನುಂಗಿದರೆ ಜೀವಕ್ಕೇ ಅಪಾಯ. ಇಲ್ಲೊಂದು ಮೋಸವಿದೆ: ಮೊದಲ ಕೆಲವು ಗಂಟೆ ವಾಂತಿ ಮಾಡಿಕೊಂಡ ಮಗು ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ನಿಶ್ಚಿಂತರಾಗಿರುವ ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಕೆಡುತ್ತಿರಬಹುದು. ಹಾಗಾಗಿ ಮಗು ನುಂಗಿತು ಎಂಬ ಅನುಮಾನ ಬಂದರೂ ಸಾಕು, ಬಲವಂತವಾಗಿ ವಾಂತಿ ಮಾಡಿಸಬೇಡಿ, ಲಕ್ಷಣಕ್ಕಾಗಿ ಕಾಯಬೇಡಿ. ಖಾಲಿ ಸ್ಟ್ರಿಪ್ ಹಿಡಿದುಕೊಂಡು ಆಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ.

ಹಾಗಂತ ಇವನ್ನು ಟಾಯ್ಲೆಟ್‌ಗೆ ಹಾಕುವಂತಿಲ್ಲ. ಅವರ ಮನೆಯ ಶೌಚಗುಂಡಿಗೂ ಬೋರ್‌ವೆಲ್‌ಗೂ ದೂರ ಎಷ್ಟೆಂದು ಕೇಳಿದೆ. "ಇಪ್ಪತ್ತು ಮಾರು ಇರಬಹುದು" ಅಂದರು. ಗುಂಡಿಯಲ್ಲಿರುವ ಸೂಕ್ಷ್ಮಜೀವಿಗಳು ಮಲವನ್ನು ಕೊಳೆಸುತ್ತವೆ, ಆದರೆ ಎಷ್ಟೋ ಔಷಧಗಳನ್ನು ಪೂರ್ತಿ ಒಡೆಯಲಾರವು. ಉಳಿದದ್ದು ನೀರಿನ ಜೊತೆ ಮಣ್ಣಿಗೆ ಇಂಗುತ್ತದೆ. ನಗರದ ಕೊಳಚೆ ಶುದ್ಧೀಕರಣ ಘಟಕಗಳಿಗೂ ಇದೇ ಮಿತಿ. ಆಂಟಿಬಯಾಟಿಕ್ ಆದರೆ ಇನ್ನೂ ಕೆಟ್ಟದ್ದು. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಆ ನೀರಿನಲ್ಲೇ ಬಲಿಯುತ್ತವೆ.

ಹಾಗಾದರೆ ಇವನ್ನು ಕಸಕ್ಕೆ ಹಾಕುವುದು ಹೇಗೆ? ಬೇಕಾಗಿದ್ದು ಕಾಫಿ ಚರಟ. ಫಿಲ್ಟರ್‌ನಿಂದ ತೆಗೆದದ್ದಾದರೂ ಆದೀತು, ಟೀ ಸೋಸಿದ ಗಸಿಯಾದರೂ ಆದೀತು, ಎರಡೂ ಇಲ್ಲದಿದ್ದರೆ ಒಣಮಣ್ಣು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಪುಡಿ ಮಾಡದೆ, ಅವುಗಳ ಎರಡರಷ್ಟು ಚರಟದಲ್ಲಿ ಕಲಸಿ. ಪುಡಿ ಮಾಡಿದರೆ ಧೂಳು ನಿಮ್ಮ ಮೂಗಿಗೇ ಬರುತ್ತದೆ. ಚರಟದಲ್ಲಿ ಬೆರೆತ ಮಾತ್ರೆಯನ್ನು ಮಗು ಬಾಯಿಗೆ ಹಾಕುವುದಿಲ್ಲ, ಕಸ ಆಯುವವರೂ ಎತ್ತಿ ಮಾರುವುದಿಲ್ಲ. ಸಿರಪ್ಪನ್ನು ಸಿಂಕ್‌ಗೆ ಸುರಿಯದೆ ಇದೇ ಮಿಶ್ರಣಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿದು, ದ್ರವ ನಿಲ್ಲದಷ್ಟು ಮಣ್ಣು ಸೇರಿಸಿ. ನೀರು ಬೆರೆಸಿ ಕೊಡುವ ಆಂಟಿಬಯಾಟಿಕ್ ಡ್ರೈ ಸಿರಪ್ ಬಗ್ಗೆ ಒಂದು ಮಾತು: ಬಾಟಲಿ ಮೇಲೆ ಮುಂದಿನ ವರ್ಷದ ತಾರೀಖು ಇದ್ದರೂ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಂಥದ್ದು ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಏಳು ದಿನ ಅಷ್ಟೇ. ಆಮೇಲೆ ಅದೂ ಚರಟಕ್ಕೇ.

ಚೀಲದ ತಳದಲ್ಲಿ ಮಾವನ ಫೆಂಟನಿಲ್ ಪ್ಯಾಚ್‌ಗಳಿದ್ದವು, ತೀವ್ರ ನೋವಿಗೆ ಮೈಗೆ ಅಂಟಿಸುವಂಥವು. ಎರಡು ಹೊಸವು, ಒಂದು ಬಳಸಿ ಕಿತ್ತದ್ದು. ಇವಕ್ಕೆ ಮಾತ್ರ ಲೆಕ್ಕ ಬೇರೆ. ಮೂರು ದಿನ ಮೈಮೇಲಿದ್ದ ಪ್ಯಾಚ್‌ನಲ್ಲೂ ಮಗುವಿನ ಉಸಿರು ನಿಲ್ಲಿಸುವಷ್ಟು ಔಷಧ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಕೂಡಲೇ ಟಾಯ್ಲೆಟ್‌ಗೆ ಹಾಕಿ ನೀರು ಬಿಡಬೇಕು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಹೀಗೆ ಫ್ಲಶ್ ಮಾಡಬೇಕಾದ 17 ಔಷಧಗಳ ಪಟ್ಟಿ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಸಿಗುವಂಥವೆಂದರೆ ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಡಯಾಜೆಪಾಮ್. ನೀರಿಗೆ ಹಾನಿಯಿಲ್ಲ ಎಂದಲ್ಲ. ಒಂದೇ ಡೋಸ್ ಮಗುವನ್ನು ಕೊಲ್ಲಬಹುದಾದಾಗ ಆ ಹಾನಿಯನ್ನು ಒಪ್ಪಿಕೊಳ್ಳಲೇಬೇಕು. ನಾನೂ ಅದೇ ಸರಿ ಎನ್ನುತ್ತೇನೆ. ಪಟ್ಟಿಯಲ್ಲಿಲ್ಲದ ಯಾವುದನ್ನೂ ಫ್ಲಶ್ ಮಾಡಬೇಡಿ.

"ನೀವೇ ವಾಪಸ್ ತಗೊಳ್ಳಲ್ವಾ?" ಎಂದರು. ನಮ್ಮಲ್ಲಿ ಮಾರಾಟವಾಗದೆ ಉಳಿದ ಸರಕನ್ನು ಡಿಸ್ಟ್ರಿಬ್ಯೂಟರ್‌ಗೆ ಕಳಿಸಬಹುದು, ಮನೆಯಿಂದ ಬಂದ ಬಿಡಿ ಮಾತ್ರೆಗೆ ಆ ದಾರಿಯಿಲ್ಲ. ಕೇರಳ ಸರ್ಕಾರ 2025ರಲ್ಲಿ ಕೋಯಿಕ್ಕೋಡ್‌ನಿಂದ ಎನ್-ಪ್ರೌಡ್ ಎಂಬ ಹೆಸರಲ್ಲಿ ಮನೆಗಳಿಂದ ಉಳಿದ ಔಷಧ ಸಂಗ್ರಹಿಸಲು ಶುರು ಮಾಡಿತು. ನಮ್ಮ ಪ್ರತಿ ತಾಲ್ಲೂಕಿಗೂ ಅಂಥದ್ದೊಂದು ಬೇಕೇ ಬೇಕು.

ಅಲ್ಲಿಯವರೆಗೆ, ಕಲಸಿದ್ದನ್ನು ಗಟ್ಟಿ ಕವರ್‌ಗೆ ಹಾಕಿ ಬಾಯಿ ಬಿಗಿದು, ಪೇಪರ್ ಸುತ್ತಿ, ಕೆಂಪು ಗುರುತು ಹಾಕಿ. ಹಸಿ ಕಸಕ್ಕಾಗಲಿ ತಿಪ್ಪೆಗಾಗಲಿ ಹಾಕಬೇಡಿ, ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಸುಡಲೂ ಬೇಡಿ, ಉಸಿರಾಟದ ಇನ್‌ಹೇಲರ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಇನ್ಸುಲಿನ್ ಸೂಜಿಗಳಿದ್ದರೆ ಬೇರೆಯದೇ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ, ಕಸದ ಅಕ್ಕಂದಿರ ಕೈಗೆ ಚುಚ್ಚಬಾರದು.

ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಪ್ಯಾಚ್ ಅವತ್ತೇ ಫ್ಲಶ್ ಮಾಡಿದ್ದರು. ಪೊಟ್ಟಣವನ್ನು ರಾತ್ರಿ ಗೇಟಿನ ಹೊರಗಿಟ್ಟರೆ ನಾಯಿ ಎಳೆದಾಡೀತೆಂದು, ಅಟ್ಟದ ಮೇಲಿಟ್ಟಿದ್ದು, ಬೆಳಿಗ್ಗೆ ಪಂಚಾಯ್ತಿಯ ಸ್ವಚ್ಛ ವಾಹಿನಿ ಬಂದಾಗ "ಇದು ಔಷಧ ಕಣಮ್ಮ, ಬಿಚ್ಚಬೇಡ" ಎಂದು ಹೇಳಿ ಕೈಗೇ ಕೊಟ್ಟರಂತೆ.