ಬೆಂಡಿಂಗ್ ಮೊಮೆಂಟ್ ಬೇಕಾ? ಮೊದಲು ಶಿಯರ್ ಬರೆಯಿರಿ

ಕಾಲೇಜು ಮುಗಿಸಿ ಆಫೀಸಿಗೆ ಬರುವ ಹುಡುಗರಿಗೆ ನಾನು ಕೊಡುವ ಮೊದಲ ಲೆಕ್ಕ ಒಂದು ಸಾದಾ ಬೀಮ್. ಎರಡು ತುದಿಗೆ ಎರಡು ಸಪೋರ್ಟ್, ಮೇಲೆ ಒಂದಿಷ್ಟು ಹರಡಿದ ಲೋಡು, ಒಂದು ಪಾಯಿಂಟ್ ಲೋಡು. ಸಾಫ್ಟ್‌ವೇರ್ ಮುಟ್ಟಬಾರದು, ಕಾಗದದ ಮೇಲೆ ಮಾಡಬೇಕು. ಸ್ಪ್ಯಾನ್ ಪೂರ್ತಿ ಒಂದೇ ಲೋಡು ಇದ್ದಾಗ ಎಲ್ಲರೂ ಸೂತ್ರ ನೆನಪಿಸಿಕೊಂಡು ಉತ್ತರ ಬರೆದುಬಿಡುತ್ತಾರೆ. ಎರಡು ಬಗೆಯ ಲೋಡು ಬೆರೆತ ತಕ್ಷಣ ಆ ಸೂತ್ರಗಳು ಕೈಕೊಡುತ್ತವೆ.

ಬೀಮ್ ಹೀಗಿದೆ ಅಂದುಕೊಳ್ಳಿ. ಸ್ಪ್ಯಾನ್ 6 ಮೀಟರ್. ಎಡ ತುದಿ ಎ, ಬಲ ತುದಿ ಬಿ. ಎ ಕಡೆಯಿಂದ 4 ಮೀಟರ್‌ವರೆಗೆ ಬೀಮ್ ಮೇಲೆ ಇಟ್ಟಿಗೆ ಗೋಡೆ ಮತ್ತು ಸ್ಲ್ಯಾಬ್‌ನ ಒಂದು ಭಾಗ ಕೂತಿದೆ. ಎರಡೂ ಸೇರಿ ಮೀಟರಿಗೆ 24 ಕಿಲೋನ್ಯೂಟನ್. ಆಮೇಲಿನ 2 ಮೀಟರ್ ಓಡಾಡುವ ಜಾಗ, ಅಲ್ಲಿ ಗೋಡೆ ಇಲ್ಲ. ಆದರೆ ಎಯಿಂದ 5 ಮೀಟರ್ ದೂರದಲ್ಲಿ ಇನ್ನೊಂದು ಚಿಕ್ಕ ಬೀಮ್ ಬಂದು ಇದರ ಮೇಲೆ ಕೂರುತ್ತದೆ. ಅದು ತರುವ ಭಾರ 30 ಕಿಲೋನ್ಯೂಟನ್. ಬೀಮ್‌ನ ಸ್ವಂತ ತೂಕವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ನಿಜವಾದ ಲೆಕ್ಕದಲ್ಲಿ ಅದು ಪೂರ್ತಿ 6 ಮೀಟರಿಗೂ ಸೇರಬೇಕು.

ಮೊದಲು ರಿಯಾಕ್ಷನ್. ಗೋಡೆಯ ಒಟ್ಟು ಭಾರ 24 × 4, ಅಂದರೆ 96 ಕಿಲೋನ್ಯೂಟನ್. ಈ ಭಾರದ ನಡು ಎಯಿಂದ 2 ಮೀಟರ್‌ನಲ್ಲಿದೆ. ಎ ಸುತ್ತ ಮೊಮೆಂಟ್ ತೆಗೆದುಕೊಂಡರೆ:

```
RB × 6 = 96 × 2 + 30 × 5 = 342
RB = 57 kN
RA = 126 − 57 = 69 kN
```

ಇಲ್ಲಿ ಒಂದು ಎಚ್ಚರಿಕೆ. ರಿಯಾಕ್ಷನ್ ಹುಡುಕುವಾಗ 96ನ್ನು ನಡುವಿನಲ್ಲಿ ಒಂದೇ ಬಾಣವಾಗಿ ಬರೆಯುವುದು ಸರಿ. ರಿಯಾಕ್ಷನ್ ಸಿಕ್ಕ ಮೇಲೆ ಆ ಬಾಣವನ್ನು ಅಳಿಸಿಬಿಡಿ. ಚಿತ್ರದಲ್ಲಿ ಅದು ಉಳಿದರೆ ಮುಂದಿನ ಲೆಕ್ಕಕ್ಕೂ ನುಸುಳುತ್ತದೆ. ಎಯಿಂದ 2 ಮೀಟರ್‌ನಲ್ಲಿ ಬೆಂಡಿಂಗ್ ಮೊಮೆಂಟ್ ಎಷ್ಟು ಎಂದು ಕೇಳಿದರೆ 69 × 2 ಅಂತ ಮಾಡಿ 138 ಬರೆಯುವವರನ್ನು ತುಂಬಾ ನೋಡಿದ್ದೇನೆ. ಭಾರವೆಲ್ಲ ಸರಿಯಾಗಿ ಆ ಜಾಗದಲ್ಲೇ ನಿಂತಿದೆ, ಆದ್ದರಿಂದ ಅದಕ್ಕೆ ದೂರವೇ ಇಲ್ಲ ಅನ್ನುವುದು ಅವರ ಯೋಚನೆ. ನಿಜದಲ್ಲಿ ಆ 2 ಮೀಟರ್ ಒಳಗೇ 48 ಕಿಲೋನ್ಯೂಟನ್ ಗೋಡೆ ಇದೆ. ಅದರ ನಡು 1 ಮೀಟರ್ ದೂರದಲ್ಲಿದೆ. ಸರಿಯಾದ ಉತ್ತರ 138 − 48, ಅಂದರೆ 90.

ಈಗ ಶಿಯರ್. ಎಡದಿಂದ ಬಲಕ್ಕೆ ನಡೆಯುತ್ತಾ ಹೋಗಿ. ಮೇಲೆ ತಳ್ಳುವ ಬಲ ಬಂದರೆ ಗೆರೆ ಮೇಲಕ್ಕೆ, ಕೆಳಗೆ ತಳ್ಳುವ ಲೋಡು ಬಂದರೆ ಗೆರೆ ಕೆಳಕ್ಕೆ. ಇಷ್ಟೇ ನಿಯಮ. ಎಯಲ್ಲಿ ಗೆರೆ ಸೊನ್ನೆಯಿಂದ ನೇರ 69ಕ್ಕೆ ಏರುತ್ತದೆ. ಅಲ್ಲಿಂದ ಗೋಡೆ ಶುರು, ಹಾಗಾಗಿ ಮೀಟರಿಗೆ 24ರಂತೆ ಇಳಿಜಾರಾಗಿ ಇಳಿಯುತ್ತದೆ. 4 ಮೀಟರಿಗೆ ಬರುವಾಗ 69 − 96, ಅಂದರೆ ಮೈನಸ್ 27. ಆಮೇಲೆ 1 ಮೀಟರ್ ಏನೂ ಲೋಡಿಲ್ಲ, ಗೆರೆ ಮಟ್ಟಸವಾಗಿ ಸಾಗುತ್ತದೆ. 5 ಮೀಟರ್‌ನಲ್ಲಿ ಪಾಯಿಂಟ್ ಲೋಡು ಸಿಗುತ್ತದೆ, ಗೆರೆ ಧಡಕ್ಕನೆ 30 ಇಳಿದು ಮೈನಸ್ 57. ಮತ್ತೆ ಮಟ್ಟಸ. ಬಿಯಲ್ಲಿ ರಿಯಾಕ್ಷನ್ 57 ಮೇಲಕ್ಕೆ ಎತ್ತಿ ಸೊನ್ನೆಗೆ ತರುತ್ತದೆ.

ಕೊನೆಗೆ ಸೊನ್ನೆಗೆ ಬರಲಿಲ್ಲ ಅಂದರೆ ಮುಂದೆ ಹೋಗಬೇಡಿ. ಆದರೆ ಸೊನ್ನೆಗೆ ಬಂತು ಅಂದ ಮಾತ್ರಕ್ಕೆ ರಿಯಾಕ್ಷನ್ ಸರಿ ಅಂತಲೂ ಅಲ್ಲ. RA ಕಂಡುಹಿಡಿಯಲು ಒಟ್ಟು ಭಾರದಿಂದ RB ಕಳೆದಿದ್ದೀರಲ್ಲ, RB ತಪ್ಪಿದ್ದರೂ ಶಿಯರ್ ಗೆರೆ ಸೊನ್ನೆಗೇ ಬಂದು ನಿಲ್ಲುತ್ತದೆ. ಆ ತಪ್ಪು ಸಿಕ್ಕಿಬೀಳುವುದು ಬೆಂಡಿಂಗ್ ಮೊಮೆಂಟ್ ಬರೆಯುವಾಗ. ಅಥವಾ ಬಿ ಸುತ್ತ ಇನ್ನೊಮ್ಮೆ ಮೊಮೆಂಟ್ ತೆಗೆದುಕೊಂಡು RA ನೋಡಿ: 96 × 4 ಮತ್ತು 30 × 1, ಒಟ್ಟು 414. ಅದನ್ನು 6ರಿಂದ ಭಾಗಿಸಿದರೆ 69. ಸರಿಯಾಯಿತು.

ಬೆಂಡಿಂಗ್ ಮೊಮೆಂಟಿಗೆ ಪ್ರತಿ ಭಾಗಕ್ಕೂ ಬೇರೆ ಸಮೀಕರಣ ಬರೆಯುವ ಕ್ರಮ ಪುಸ್ತಕಗಳಲ್ಲಿದೆ. ತಪ್ಪೇನಿಲ್ಲ. ಆದರೆ ಕೈಲೆಕ್ಕಕ್ಕೆ ನನಗೆ ಹಿಡಿಸುವುದು ವಿಸ್ತೀರ್ಣದ ದಾರಿ. ಎರಡು ಜಾಗಗಳ ನಡುವೆ ಮೊಮೆಂಟ್ ಎಷ್ಟು ಬದಲಾಯಿತೋ ಅದು ಆ ಎರಡು ಜಾಗಗಳ ನಡುವಿನ ಶಿಯರ್ ಚಿತ್ರದ ವಿಸ್ತೀರ್ಣಕ್ಕೆ ಸಮ. ಸೊನ್ನೆ ಗೆರೆಯ ಮೇಲಿನ ವಿಸ್ತೀರ್ಣ ಕೂಡಿಸಿ, ಕೆಳಗಿನದ್ದು ಕಳೆಯಿರಿ.

ಅದಕ್ಕೆ ಮೊದಲು ಶಿಯರ್ ಎಲ್ಲಿ ಸೊನ್ನೆ ದಾಟುತ್ತದೆ ಅಂತ ಗೊತ್ತಾಗಬೇಕು. 69 ಇದ್ದದ್ದು ಮೀಟರಿಗೆ 24ರಂತೆ ಕರಗುತ್ತದೆ. 69ನ್ನು 24ರಿಂದ ಭಾಗಿಸಿ, 2.875 ಮೀಟರ್. ಶಿಯರ್ ಪ್ಲಸ್ ಇರುವವರೆಗೆ ಮೊಮೆಂಟ್ ಏರುತ್ತಲೇ ಇರುತ್ತದೆ, ಮೈನಸ್ ಆದ ಮೇಲೆ ಇಳಿಯುತ್ತದೆ. ಹಾಗಾಗಿ ಅತಿ ಜಾಸ್ತಿ ಮೊಮೆಂಟ್ ಇರುವುದು ಸರಿಯಾಗಿ ಅಲ್ಲೇ.

```
0 → 2.875 m :  ½ × 2.875 × 69 = +99.19   M = 99.19 kNm
2.875 → 4 m :  ½ × 1.125 × 27 = −15.19   M = 84 kNm
4 → 5 m     :  1 × 27         = −27      M = 57 kNm
5 → 6 m     :  1 × 57         = −57      M = 0
```

ಬಿಯಲ್ಲಿ ಸೊನ್ನೆ ಬಂತು. ಸಾದಾ ಸಪೋರ್ಟ್ ಮೇಲೆ ಕೂತ ಬೀಮ್‌ನ ತುದಿಯಲ್ಲಿ ಮೊಮೆಂಟ್ ಇರುವ ಹಾಗೇ ಇಲ್ಲ. RB ತಪ್ಪಿದ್ದರೆ ಇಲ್ಲಿ ಏನಾದರೂ ಉಳಿದೇ ಉಳಿಯುತ್ತಿತ್ತು.

ಈಗ ಈ ನಾಲ್ಕು ಅಂಕಿಗಳನ್ನು ಚಿತ್ರ ಮಾಡಬೇಕು. ಎಯಿಂದ 4 ಮೀಟರ್‌ವರೆಗೆ ಪ್ಯಾರಾಬೋಲಾ, ಉಬ್ಬು ಮೇಲಕ್ಕೆ. ಎ ಹತ್ತಿರ ಕಡಿದಾಗಿ ಏರುತ್ತದೆ, ಏಕೆಂದರೆ ಅಲ್ಲಿ ಶಿಯರ್ ಜಾಸ್ತಿ. 2.875ರಲ್ಲಿ ಮಟ್ಟಸವಾಗಿ ತಿರುಗುತ್ತದೆ. 4ರಿಂದ 5ರವರೆಗೆ ಸರಳ ಗೆರೆ, 5ರಿಂದ ಬಿವರೆಗೆ ಇನ್ನೂ ಕಡಿದಾದ ಸರಳ ಗೆರೆ. 5 ಮೀಟರ್‌ನಲ್ಲಿ ಗೆರೆ ಮುರಿದು ಮೂಲೆಯಾಗಬೇಕು, ಯಾಕೆಂದರೆ ಅಲ್ಲಿ ಶಿಯರ್ ಜಿಗಿದಿದೆ. 4 ಮೀಟರ್‌ನಲ್ಲಿ ಮಾತ್ರ ಮೂಲೆ ಇರಬಾರದು. ಅಲ್ಲಿ ಗೋಡೆ ಮುಗಿಯಿತು ನಿಜ, ಆದರೆ ಶಿಯರ್ ಜಿಗಿಯಲಿಲ್ಲ, ಎರಡೂ ಬದಿಗೆ ಮೈನಸ್ 27. ಪ್ಯಾರಾಬೋಲಾ ಸರಳ ಗೆರೆಯೊಳಗೆ ನಯವಾಗಿ ಸೇರಿಕೊಳ್ಳಬೇಕು. ಒಬ್ಬರು ಬರೆದ ಚಿತ್ರ ನನ್ನ ಮೇಜಿಗೆ ಬಂದರೆ ಅಂಕಿಗಿಂತ ಮೊದಲು ನಾನು ನೋಡುವುದು ಈ ಜಾಗವನ್ನೇ. ಅಲ್ಲಿ ಮೂಲೆ ಕಂಡರೆ ಉತ್ತರ ಎಲ್ಲಿಂದಲೋ ನಕಲಾಗಿದೆ ಅಂತ ಅನುಮಾನ ಬರುತ್ತದೆ!

ಲೋಡು ಬದಲಾಗುವ ಜಾಗಗಳಲ್ಲಿ ಮಾತ್ರ ಮೊಮೆಂಟ್ ಲೆಕ್ಕ ಹಾಕಿ ನಿಲ್ಲಿಸಿದರೆ ಕೈಗೆ ಸಿಗುವ ಅತಿ ದೊಡ್ಡ ಅಂಕಿ 84. ನಿಜವಾದದ್ದು 99. ಆ ವ್ಯತ್ಯಾಸ ಕಬ್ಬಿಣದಲ್ಲಿ ಕಾಣುತ್ತದೆ. ಈ ಬೀಮ್‌ನಲ್ಲಿ ಸ್ಪ್ಯಾನ್‌ನ ನಡುವೆ, ಅಂದರೆ 3 ಮೀಟರ್‌ನಲ್ಲಿ, ಲೆಕ್ಕ ಹಾಕಿದರೂ 99 ಬರುತ್ತದೆ. ಅದು ಈ ಅಂಕಿಗಳ ಪುಣ್ಯ ಅಷ್ಟೇ. ಗೋಡೆಯನ್ನು ಇನ್ನಷ್ಟು ಗಿಡ್ಡ ಮಾಡಿ, ಅತಿ ಜಾಸ್ತಿ ಮೊಮೆಂಟ್ ಇರುವ ಜಾಗ ನಡುವಿನಿಂದ ದೂರ ಸರಿಯುತ್ತದೆ.

ಇನ್ನೊಂದು ಅಡ್ಡದಾರಿ ಇದೆ. ಗೋಡೆಗೆ ಒಂದು ಲೆಕ್ಕ, ಪಾಯಿಂಟ್ ಲೋಡಿಗೆ ಇನ್ನೊಂದು ಲೆಕ್ಕ ಮಾಡಿ ಎರಡರ ಶಿಖರಗಳನ್ನು ಕೂಡಿಸುವುದು. ಗೋಡೆಯೊಂದೇ ಇದ್ದರೆ ಅತಿ ಜಾಸ್ತಿ ಮೊಮೆಂಟ್ 85.33, ಅದು ಇರುವುದು 2.67 ಮೀಟರ್‌ನಲ್ಲಿ. ಪಾಯಿಂಟ್ ಲೋಡೊಂದೇ ಇದ್ದರೆ 25, ಅದು ಇರುವುದು 5 ಮೀಟರ್‌ನಲ್ಲಿ. ಕೂಡಿಸಿದರೆ 110.33. ಎರಡೂ ಒಂದೇ ಜಾಗದಲ್ಲಿ ಇಲ್ಲವಲ್ಲ, ಕೂಡಿಸುವುದು ಹೇಗೆ? ಚಿತ್ರಗಳನ್ನು ಕೂಡಿಸಬಹುದು, ಆದರೆ ಜಾಗಕ್ಕೆ ಜಾಗ ಹೊಂದಿಸಿ ಕೂಡಿಸಬೇಕು. "ಸರ್, ಜಾಸ್ತಿ ಬಂದರೆ ಸೇಫ್ ಅಲ್ವಾ?" ಅಂತ ಕೇಳುತ್ತಾರೆ. ಈ ಬೀಮಿಗೆ ಹೌದು. ಆದರೆ ಅದು ಯಾವ ಜಾಗದ ಮೊಮೆಂಟ್ ಅಂತ ಹೇಳಲು ಆಗುವುದಿಲ್ಲ. ಕೆಳಗಿನ ಸರಳುಗಳಲ್ಲಿ ಕೆಲವನ್ನು ಎಲ್ಲಿ ನಿಲ್ಲಿಸಬಹುದು ಅಂತ ತೀರ್ಮಾನಿಸುವುದು ಆ ಜಾಗದ ಲೆಕ್ಕದ ಮೇಲೇ.

ಶಿಯರ್ ಚಿತ್ರಕ್ಕೂ ಸೈಟ್‌ನಲ್ಲಿ ಕೆಲಸವಿದೆ. ರಿಂಗ್‌ಗಳನ್ನು ಎಷ್ಟು ಹತ್ತಿರ ಕಟ್ಟಬೇಕು ಅನ್ನುವುದು ಅದರಿಂದಲೇ. ಎ ತುದಿಯಲ್ಲಿ ಶಿಯರ್ 69 ಇದೆ, ಬಿಗಿಂತ ಜಾಸ್ತಿ. ಆದರೆ 1 ಮೀಟರ್ ಒಳಗೆ ಬರುವಷ್ಟರಲ್ಲಿ 45ಕ್ಕೆ ಇಳಿದಿರುತ್ತದೆ. ಬಿ ಕಡೆ 57, ಮೊದಲ 1 ಮೀಟರ್ ಪೂರ್ತಿ ಅದೇ 57. ಅಂದರೆ ಬಿ ಕಡೆ ಹತ್ತಿರ ಕಟ್ಟಿದ ರಿಂಗ್‌ಗಳು ಚಿಕ್ಕ ಬೀಮ್ ಬಂದು ಕೂರುವ ಜಾಗ ದಾಟುವವರೆಗೂ ಹಾಗೇ ಮುಂದುವರಿಯಬೇಕು. ಎರಡೂ ತುದಿಗೆ ಒಂದೇ ಅಳತೆ ಹೇಳಿ ಬಾರ್ ಬೆಂಡರ್ ಕೈಗೆ ಡ್ರಾಯಿಂಗ್ ಕೊಡುವ ಮುಂಚೆ ಈ ಚಿತ್ರವನ್ನು ಒಮ್ಮೆ ನೋಡಿ. ಅಂದಹಾಗೆ ಇಲ್ಲಿರುವುದೆಲ್ಲ ನಿಜವಾದ ಲೋಡು. ಕಾಂಕ್ರೀಟ್ ಡಿಸೈನಿಗೆ ಐಎಸ್ 456 ಪ್ರಕಾರ ಸಾಮಾನ್ಯ ಲೋಡುಗಳನ್ನು 1.5ರಿಂದ ಗುಣಿಸಿಯೇ ಮುಂದೆ ಹೋಗಬೇಕು. ಆಗ 99 ಸುಮಾರು 149 ಆಗುತ್ತದೆ.

ಇದೇ ಬೀಮಿಗೆ ಸ್ವಲ್ಪ ಕಷ್ಟ ಕೊಡೋಣ. 30 ಕಿಲೋನ್ಯೂಟನ್ ಭಾರ ನೇರವಾಗಿ 5 ಮೀಟರ್‌ನಲ್ಲಿ ಕೂರುವ ಬದಲು, ಅಲ್ಲಿ ಬೋಲ್ಟ್ ಮಾಡಿದ ಒಂದು ಬ್ರಾಕೆಟ್‌ನ ತೋಳಿನಿಂದ ನೇತಾಡುತ್ತಿದೆ. ತೋಳು ಎ ಕಡೆಗೆ ಅರ್ಧ ಮೀಟರ್ ಚಾಚಿದೆ. ಬೀಮಿಗೆ ಬ್ರಾಕೆಟ್ ಅಂಟಿಕೊಂಡಿರುವುದು 5 ಮೀಟರ್‌ನಲ್ಲಿ ಮಾತ್ರ. ಹಾಗಾಗಿ ಆ ಜಾಗಕ್ಕೆ 30ರ ಲೋಡಿನ ಜೊತೆಗೆ 15 ಕಿಲೋನ್ಯೂಟನ್ ಮೀಟರ್‌ನ ತಿರುಗಿಸುವ ಜೋಡಿಯೂ ಬರುತ್ತದೆ, ಗಡಿಯಾರದ ವಿರುದ್ಧ ದಿಕ್ಕಿಗೆ. ರಿಯಾಕ್ಷನ್ ಲೆಕ್ಕದಲ್ಲಿ ಭಾರ 4.5 ಮೀಟರ್‌ನಲ್ಲಿ ಇದ್ದ ಹಾಗೇ. RB 54.5, RA 71.5 ಆಗುತ್ತದೆ.

ಶಿಯರ್ ಚಿತ್ರದ ಆಕಾರ ಬದಲಾಗುವುದಿಲ್ಲ, ಅಂಕಿಗಳು ಮಾತ್ರ ಬದಲಾಗುತ್ತವೆ. ಜೋಡಿ ಶಿಯರ್‌ನಲ್ಲಿ ಯಾವ ಜಿಗಿತವನ್ನೂ ತರುವುದಿಲ್ಲ, ಅದು ಜಿಗಿಸುವುದು ಮೊಮೆಂಟನ್ನು. 4 ಮೀಟರ್‌ನಲ್ಲಿ ಮೊಮೆಂಟ್ 94. 5 ಮೀಟರಿನ ಎಡಕ್ಕೆ 69.5. ಬಲಕ್ಕೆ 54.5. ಗೆರೆ ಅಲ್ಲಿ ಲಂಬವಾಗಿ 15 ಇಳಿಯುತ್ತದೆ. ಬಿಯಲ್ಲಿ ಮತ್ತೆ ಸೊನ್ನೆ. ಅತಿ ಜಾಸ್ತಿ ಮೊಮೆಂಟ್ 2.98 ಮೀಟರ್‌ನಲ್ಲಿ, 106.5. ವಿಸ್ತೀರ್ಣದ ದಾರಿ ಹಿಡಿದವರು ಮರೆಯುವುದು ಈ ಲಂಬ ಇಳಿತವನ್ನೇ, ಏಕೆಂದರೆ ಶಿಯರ್ ಚಿತ್ರದಲ್ಲಿ ಅದರ ಸುಳಿವೇ ಇರುವುದಿಲ್ಲ. ಮರೆತರೆ ಬಿಯಲ್ಲಿ ಸೊನ್ನೆಯ ಬದಲು 15 ಉಳಿಯುತ್ತದೆ. ಉಳಿದ ಅಂಕಿ ನೀವು ಬಿಟ್ಟ ಜೋಡಿಗೆ ಸರಿಯಾಗಿ ಸಮ ಇದ್ದರೆ ತಪ್ಪು ಎಲ್ಲಿ ಅಂತ ಬೇರೆ ಹುಡುಕಬೇಕಾಗಿಲ್ಲ.

ಈ ಚಿತ್ರಗಳೆಲ್ಲ ಬೀಮ್‌ನ ತುದಿ ಸ್ವಲ್ಪ ತಿರುಗಬಲ್ಲದು ಅನ್ನುವ ಲೆಕ್ಕದ ಮೇಲೆ ನಿಂತಿವೆ. ಗೋಡೆಯ ಮೇಲೆ ಕೂತ ಬೀಮಿಗೆ, ಬೇರಿಂಗ್ ಮೇಲೆ ಕೂತ ಬೀಮಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಾಲಂ ಜೊತೆಗೇ ಕಾಂಕ್ರೀಟ್ ಹಾಕಿದ ಬೀಮ್‌ನ ತುದಿ ಅಷ್ಟು ಸಲೀಸಾಗಿ ತಿರುಗುವುದಿಲ್ಲ. ಅಲ್ಲಿ ಮೇಲಿನ ಮೈಯಲ್ಲಿ ಎಳೆತ ಬರುತ್ತದೆ, ನಡುವಿನ ಮೊಮೆಂಟ್ ತುಸು ತಗ್ಗುತ್ತದೆ. ನಮ್ಮ ಚಿತ್ರ ಬಿಯಲ್ಲಿ ಸೊನ್ನೆ ತೋರಿಸಿತು ಅಂತ ಅಂಥ ಬೀಮ್‌ನ ತುದಿಯಲ್ಲಿ ಮೇಲಿನ ಸರಳು ಬಿಟ್ಟರೆ, ಕಾಲಂ ಮುಖದ ಪಕ್ಕದಲ್ಲೇ ಮೇಲಿನಿಂದ ಕೆಳಕ್ಕೆ ಬಿರುಕು ಬಿಡುತ್ತದೆ.